ಪಂಪ್ ಮೇಷ್ಟ್ರ ಬೀಳ್ಕೊಡುಗೆಯಲ್ಲಿ ನಾನು ಮಾತಾಡಿದ್ದು

ಪುಟ್ಟೀ,

ಭಾನುವಾರ ನೀನು ಫೋನ್ ಮಾಡಿದಾಗ ನಾನು ಎತ್ತಲಿಲ್ಲ ಅಂತ ಮುನಿಸಿಕೊಂಡಿದ್ದೀಯಂತೆ, ನಿಮ್ಮಪ್ಪ ಹೇಳಿದರು. ಆ ಹೊತ್ತಿಗೆ ನಾನು ಮೈಕ್ ಹಿಡಿದುಕೊಂಡು ನಿಂತಿದ್ದೆ ಕಣೇ. ನಮ್ಮ ಅಂಗಡಿಯ ಪಂಪ್ ಮೇಷ್ಟ್ರಿಗೆ ಬೀಳ್ಕೊಡುಗೆ. ಗೋಡೌನಿನಲ್ಲಿ ಪೈಪುಗಳನ್ನೆಲ್ಲ ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಸಾಹುಕಾರರು ನನ್ನ ಕಡೆ ತಿರುಗಿ, "ಇಪ್ಪತ್ತೆರಡು ವರ್ಷ ಅವರು ಮಾರಿದ್ದಕ್ಕೆಲ್ಲ ಬಿಲ್ ಬರೆದವರು ನೀವು, ನೀವೇ ಮಾತಾಡಿ" ಅಂದುಬಿಟ್ಟರು. ಎರಡು ದಿನ ಮುಂಚೆ ಹೇಳಿದ್ದರು ಅನ್ನೋದೊಂದೇ ಪುಣ್ಯ.

ನೀನು ಏನು ಮಾತಾಡಿದೆ ಅಂತ ಕೇಳಿದ್ದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನಡುವೆ ನಿನಗೆ ಮೀಟಿಂಗ್ ಬಂದುಬಿಡುತ್ತದೆ. ಅಲ್ಲಿ ಹೇಳಿದ್ದೂ ಇದೆ, ಹೇಳೋಕಾಗದೆ ಬಿಟ್ಟಿದ್ದೂ ಇದೆ. ನೀನೂ ಈಗ ಸೇಲ್ಸಿನಲ್ಲೇ ಇದ್ದೀಯ, ತಿಂಗಳ ಕೊನೆ ಬಂದರೆ ಊಟ ಸೇರಲ್ಲ ಅಂತೀಯ. ಮೇಷ್ಟ್ರಿಗೂ ತಿಂಗಳ ಕೊನೆ ಬರುತ್ತಿತ್ತು. ಅವರು ಊಟ ಮಾತ್ರ ಚೆನ್ನಾಗಿ ಮಾಡುತ್ತಿದ್ದರು.

ನಿನಗೆ ಅವರ ನೆನಪು ಅರ್ಧಂಬರ್ಧ ಇರಬಹುದು. ಸ್ಕೂಲು ಬಿಟ್ಟ ಮೇಲೆ ನೀನು ಅಂಗಡಿಗೆ ಬಂದು ಕೂತಾಗ ಜೇಬಿನಿಂದ ಕಡಲೆಕಾಯಿ ತೆಗೆದುಕೊಡುತ್ತಿದ್ದರಲ್ಲ, ಅವರು. ಅವರೇನೂ ಪಾಠ ಹೇಳಿದ ಮೇಷ್ಟ್ರಲ್ಲ. ರೈತರು ಪಂಪ್ ಕೊಡಿ ಅಂದರೆ ಕೊಡೋದು ಬಿಟ್ಟು ಪ್ರಶ್ನೆ ಕೇಳುತ್ತಾರೆ ಅಂತ ಯಾರೋ ಆ ಹೆಸರಿಟ್ಟರು, ಅದೇ ಉಳಿಯಿತು. ಶಿರಾ ಸುತ್ತಮುತ್ತ, ಆ ಕಡೆ ಹಿರಿಯೂರು, ಈ ಕಡೆ ಮಧುಗಿರಿ ತನಕ ಅವರ ಗಿರಾಕಿಗಳಿದ್ದರು. ನಮ್ಮ ಕಂಪನಿ ಪಂಪುಗಳನ್ನು ಈ ಭಾಗದಲ್ಲಿ ಅವರಷ್ಟು ಮಾರಿದವರು ಇನ್ನೊಬ್ಬರಿಲ್ಲ. ಬೆಳ್ಳಿ ತಟ್ಟೆ, ಗೋಡೆ ಗಡಿಯಾರ, ಒಂದು ಸಲ ಗೋವಾ ಪ್ರವಾಸ, ಎಲ್ಲಾ ಬಂದಿತ್ತು. ಗೋವಾಕ್ಕೆ ಅವರು ಹೋಗಲಿಲ್ಲ. ಯಾರದೋ ಬೋರು ನೋಡೋದಿತ್ತಂತೆ.

ಭಾಷಣಕ್ಕೆ ಅಂತ ನಾನು ಹಳೇ ಬಿಲ್ ಪುಸ್ತಕಗಳನ್ನು ತೆಗೆದು ಕೂತೆ. ಹೊಗಳೋದಕ್ಕೆ ನನಗೆ ಬರಲ್ಲ, ಲೆಕ್ಕ ಬರುತ್ತದೆ. ಹಾಗೆ ತಿರುವಿ ಹಾಕುವಾಗ ಒಬ್ಬ ರೈತನ ಹೆಸರು ಸಿಕ್ಕಿತು. ಭಾಷಣವೆಲ್ಲ ಆ ಒಂದು ಬೋರಿನ ಕಥೆಯೇ ಆಗಿಹೋಯಿತು.

ಆ ಮನುಷ್ಯ ಬಂದಿದ್ದು ಒಂದು ಶನಿವಾರ, ಲಗೇಜ್ ಆಟೋ ಸಮೇತ. ಬೋರು ಕೊರೆದು ಮೂರು ದಿನ ಆಗಿತ್ತು. 580 ಅಡಿ. ನೀರು ಬಿದ್ದ ಖುಷಿ ಮುಖದ ಮೇಲೇ ಇತ್ತು. ಟವೆಲಿನಲ್ಲಿ ದುಡ್ಡು ಸುತ್ತಿಕೊಂಡು ಬಂದಿದ್ದ, ಅಷ್ಟೂ ನಗದು. "ಹತ್ತು ಎಚ್‌ಪಿ ಮೋಟಾರು ಕೊಡಿ" ಅಂದ. ಪಕ್ಕದ ತೋಟದವನೂ ಹತ್ತೇ ಹಾಕಿದ್ದನಂತೆ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮಲ್ಲಿ ಹತ್ತು ಎಚ್‌ಪಿ ತನಕ ರೈತರಿಗೆ ಕರೆಂಟ್ ಬಿಲ್ಲಿಲ್ಲ. ಐದು ಹಾಕಿದರೂ ಸೊನ್ನೆ, ಹತ್ತು ಹಾಕಿದರೂ ಸೊನ್ನೆ ಅಂದಮೇಲೆ ಯಾರು ತಾನೇ ಐದು ಕೇಳುತ್ತಾರೆ? ಅದೂ ಅಲ್ಲದೆ ತ್ರೀ ಫೇಸ್ ಕರೆಂಟ್ ಕೊಡೋದು ದಿನಕ್ಕೆ ಕೆಲವೇ ಗಂಟೆ. ಇದ್ದಷ್ಟು ಹೊತ್ತಿನಲ್ಲಿ ಎಷ್ಟಾಗುತ್ತೋ ಅಷ್ಟು ಎಳೆದುಕೊಳ್ಳೋಣ ಅನ್ನೋ ಆತುರ ಎಲ್ಲರಿಗೂ ಇರುತ್ತದೆ.

ಅವತ್ತು ತಿಂಗಳ 29ನೇ ತಾರೀಕು. ಇನ್ನು ಎರಡು ದೊಡ್ಡ ಪಂಪ್ ಹೋದರೆ ಕಂಪನಿಯಿಂದ ಸ್ಕೀಮಿನ ದುಡ್ಡು ಬರುತ್ತಿತ್ತು. ಸಾಹುಕಾರರು ಗಲ್ಲಾದಲ್ಲಿ ಕೂತು ಮೇಷ್ಟ್ರ ಕಡೆಗೇ ನೋಡುತ್ತಿದ್ದರು. ನಾನು ಬಿಲ್ ಪುಸ್ತಕದ ಹಾಳೆ ತಿರುಗಿಸಿಯೂ ಆಗಿತ್ತು.

ಮೇಷ್ಟ್ರು ಕೇಳಿದ್ದು ಒಂದೇ. "ನೀರು ಎಷ್ಟಿಂಚು?"

"ಮೂರಿಂಚು ಸ್ವಾಮಿ. ಬೋರ್ ಲಾರಿಯವರೇ ಹೇಳಿದ್ದು."

"ಅಳೆದು ಹೇಳಿದರೋ, ನೋಡಿ ಹೇಳಿದರೋ?"

ಆತನಿಗೆ ಸಿಟ್ಟು ಬಂತು.

ಇಲ್ಲಿ ನಿನಗೆ ಇಂಚಿನ ವಿಷಯ ಹೇಳಬೇಕು, ಯಾಕೆಂದರೆ ಇಷ್ಟು ವರ್ಷ ಬಿಲ್ ಬರೆದರೂ ನನಗೇ ಅದು ಗೊತ್ತಿರಲಿಲ್ಲ. ನಾನು ಇಂಚು ಅಂದರೆ ಪೈಪಿನ ಅಗಲ ಅಂದುಕೊಂಡಿದ್ದೆ. ಅಲ್ಲ. ಒಂದು ತಗಡಿನಲ್ಲಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಚ್ಚು ಕತ್ತರಿಸಿರುತ್ತಾರೆ, ಬೋರಿನಿಂದ ಬಂದ ನೀರನ್ನು ಆ ಕಚ್ಚಿನಲ್ಲಿ ಹರಿಯಲು ಬಿಟ್ಟು, ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ನಿಂತಿದೆ ಅಂತ ಅಳೆಯುತ್ತಾರೆ. ಅದೇ ಇಂಚು. ಕಚ್ಚು ಮೇಲೆ ಹೋದಷ್ಟೂ ಅಗಲ ಆಗುತ್ತದಲ್ಲ, ಅದಕ್ಕೇ ಎರಡಿಂಚು ಅಂದರೆ ಒಂದಿಂಚಿನ ಎರಡರಷ್ಟು ಅಲ್ಲವೇ ಅಲ್ಲ. ಒಂದಿಂಚಿಗೆ ಗಂಟೆಗೆ ಹೆಚ್ಚುಕಮ್ಮಿ 500 ಲೀಟರ್. ಎರಡಿಂಚಿಗೆ 2,900. ಮೂರಿಂಚಿಗೆ ಹತ್ತಿರ ಹತ್ತಿರ 8,000. ಒಂದೇ ಒಂದು ಇಂಚು ತಪ್ಪು ಹೇಳಿದರೆ ಎಷ್ಟು ವ್ಯತ್ಯಾಸ ನೋಡು. ಲಾರಿಯವರು ಕಣ್ಣಂದಾಜಿನಲ್ಲಿ ಮೂರು ಅನ್ನುತ್ತಾರೆ, ಅವರಿಗೇನು, ಬೋರಿನವನು ಖುಷಿಯಾಗಿ ಇನ್ನೂರು ರೂಪಾಯಿ ಜಾಸ್ತಿ ಕೊಡುತ್ತಾನೆ.

ಮೇಷ್ಟ್ರು ಅವತ್ತು ಪಂಪ್ ಕೊಡಲಿಲ್ಲ. "ನಾಳೆ ಭಾನುವಾರ, ನಾನೇ ಬರ್ತೀನಿ. ಅಳೆದು ನೋಡಿ ಆಮೇಲೆ ತಗೊಳ್ಳಿ" ಅಂದರು. ಸಾಹುಕಾರರು ಏನೂ ಅನ್ನಲಿಲ್ಲ, ಗಲ್ಲಾ ಮುಚ್ಚಿದ ಸದ್ದು ಮಾತ್ರ ಸ್ವಲ್ಪ ಜೋರಾಗಿತ್ತು.

ಗೋಡೌನಿನಲ್ಲಿ ಹಳೆಯ ಐದು ಎಚ್‌ಪಿ ಪಂಪ್ ಒಂದಿತ್ತು, ಪರೀಕ್ಷೆಗೆ ಅಂತಲೇ ಇಟ್ಟಿದ್ದು. ಅದನ್ನೂ 200 ಲೀಟರಿನ ಒಂದು ಡ್ರಮ್ಮನ್ನೂ ಹಾಕಿಕೊಂಡು ಹೋದರು. ಮೊದಲು ಕಲ್ಲು ಕಟ್ಟಿದ ದಾರ ಇಳಿಬಿಟ್ಟು ನೀರು ಎಲ್ಲಿ ನಿಂತಿದೆ ಅಂತ ನೋಡಿದರು. 170 ಅಡಿಗೆ ಸಿಕ್ಕಿತು. ಪಂಪನ್ನು 520 ಅಡಿಗೆ ಇಳಿಸಿ ಸ್ವಿಚ್ ಹಾಕಿದರು. ಡ್ರಮ್ ಒಂದೂವರೆ ನಿಮಿಷಕ್ಕೆ ತುಂಬಿತು. ಸುತ್ತ ನಿಂತವರೆಲ್ಲ ಹೋ ಅಂದರು. ಲೆಕ್ಕ ಹಾಕಿದರೆ ಅದು ಮೂರಿಂಚೇ. ಲಾರಿಯವರು ಸುಳ್ಳೇನೂ ಹೇಳಿರಲಿಲ್ಲ.

ಮೇಷ್ಟ್ರು ಮಾತ್ರ ಏಳಲಿಲ್ಲ. ಹುಣಸೆ ಮರದ ಬುಡದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರಂತೆ. ಅರ್ಧ ಗಂಟೆಗೊಂದು ಸಲ ಡ್ರಮ್ ಇಡಿಸಿ ಗಡಿಯಾರ ನೋಡೋದು, ಚೀಟಿಯಲ್ಲಿ ಬರೆಯೋದು, ಮತ್ತೆ ಕೂರೋದು. ಅರ್ಧ ಗಂಟೆ ದಾಟುತ್ತಿದ್ದ ಹಾಗೆ ಡ್ರಮ್ ತುಂಬೋಕೆ ಎರಡೂವರೆ ನಿಮಿಷ ಹಿಡಿಯಿತು. ಆಮೇಲೆ ಮೂರೂವರೆ. ನಾಲ್ಕು ಗಂಟೆ ಓಡಿಸಿದ ಮೇಲೆ ನಾಲ್ಕು ನಿಮಿಷಕ್ಕೆ ಬಂದು ಅಲ್ಲೇ ನಿಂತಿತು, ಇನ್ನು ಕಡಿಮೆ ಆಗಲಿಲ್ಲ. ನಾಲ್ಕು ನಿಮಿಷಕ್ಕೆ 200 ಲೀಟರ್ ಅಂದರೆ ಗಂಟೆಗೆ 3,000. ಎರಡಿಂಚು ಚಿಲ್ಲರೆ.

ಯಾಕೆ ಹೀಗೆ ಅಂತ ಅವರು ಆ ರೈತನಿಗೆ ಹೇಳಿದ್ದನ್ನು ನಾನು ಗೋಡೌನಿನಲ್ಲಿ ಹಾಗೇ ಹೇಳಿದೆ. ಆರೂವರೆ ಇಂಚಿನ ಬೋರಿನಲ್ಲಿ ಒಂದು ಅಡಿಗೆ ಆರೂವರೆ ಲೀಟರ್ ನೀರು ನಿಂತಿರುತ್ತದೆ. 170ರಿಂದ 520ರ ತನಕ ಅಂದರೆ 350 ಅಡಿ, ಎರಡು ಸಾವಿರ ಲೀಟರಿಗೂ ಮೇಲೆ. ಮೊದಲು ಬರೋದು ಆ ನಿಂತ ನೀರು. "ಅದು ನಿಮ್ಮ ಮನೆ ಅಟ್ಟದಲ್ಲಿರೋ ಅಕ್ಕಿ ಇದ್ದ ಹಾಗೆ. ವರ್ಷಕ್ಕೆ ಎಷ್ಟು ಬೆಳೀತೀರ ಅನ್ನೋದು ಬೇರೆ" ಅಂದಿದ್ದರಂತೆ.

ಆಮೇಲೆ ಚೀಟಿಯ ಹಿಂದೆ ಲೆಕ್ಕ ಮಾಡಿ ತೋರಿಸಿದರು. ಇಷ್ಟು ನೀರನ್ನು ಅಷ್ಟು ಆಳದಿಂದ ಎತ್ತೋಕೆ, ಪಂಪಿನಲ್ಲಿ ಪೋಲಾಗೋದೂ ಸೇರಿ, ನಾಲ್ಕು ಎಚ್‌ಪಿ ಹತ್ತಿರ ಬೇಕು. ಐದು ಹಾಕಿದರೆ ಧಾರಾಳ. ಹತ್ತು ಹಾಕಿದರೆ ಅದು ಗಂಟೆಗೆ ಎಂಟು ಸಾವಿರ ಲೀಟರ್ ಕೇಳುತ್ತದೆ, ಬೋರು ಕೊಡೋದು ಮೂರು ಸಾವಿರ. ಅರ್ಧ ಗಂಟೆ ಭರ್ಜರಿಯಾಗಿ ಹೊಡೆದು ಆಮೇಲೆ ಪೈಪಿನ ಬಾಯಲ್ಲಿ ಬುಸ್ ಬುಸ್ ಅಂತ ಗಾಳಿ ಬರುತ್ತದೆ. ಬಾವಿಯೊಳಗಿನ ಮೋಟಾರು ತಣ್ಣಗಿರೋದೇ ಸುತ್ತ ಹರಿಯೋ ನೀರಿನಿಂದ. ನೀರಿಲ್ಲದೆ ಓಡಿದರೆ ಮೊದಲು ಒಳಗಿನ ಬೇರಿಂಗ್, ಬುಷ್ ಸವೆಯುತ್ತವೆ, ಆಮೇಲೆ ಕಾಯಿಲ್ ಸುಡುತ್ತದೆ. ಸ್ಟಾರ್ಟರಿನ ಮೇಲೆ ಆಂಪಿಯರ್ ತೋರಿಸುವ ಮುಳ್ಳು ಇರುತ್ತದಲ್ಲ, ನೀರು ಬಿಟ್ಟ ತಕ್ಷಣ ಅದು ಕೆಳಗಿಳಿಯುತ್ತದೆ. ಅದನ್ನು ನೋಡಿದರೆ ಸಾಕು. ಆದರೆ ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದಾಗ ಮುಳ್ಳು ನೋಡಿಕೊಂಡು ಯಾರು ಕೂರುತ್ತಾರೆ ಹೇಳು.

ಇಷ್ಟೆಲ್ಲ ಆದಮೇಲೆ ಆ ರೈತ ಸೋಮವಾರ ಬಂದು ಐದು ಎಚ್‌ಪಿ ತಗೊಂಡ ಅಂದುಕೊಂಡೆಯಾ? ಇಲ್ಲ. ಬೇರೆ ಅಂಗಡಿಗೆ ಹೋಗಿ ಹತ್ತೇ ತಗೊಂಡ. ಮೇಷ್ಟ್ರ ಭಾನುವಾರ ಹೋಯಿತು, ಆಟೋ ಬಾಡಿಗೆ ಹೋಯಿತು, ಸ್ಕೀಮೂ ಹೋಯಿತು. ಸಾಹುಕಾರರು ಅವತ್ತು ಬಾಯಿಬಿಟ್ಟೇ ಬೈದರು, ನಾನು ತಲೆ ಎತ್ತದೆ ಬರೆಯುತ್ತಿದ್ದೆ. ಇದನ್ನು ಮೈಕಿನಲ್ಲಿ ಹೇಳಿದಾಗ ಸಾಹುಕಾರರೇ ಮೊದಲು ನಕ್ಕರು. ಈಗ ನಗಬಹುದು ಬಿಡು.

ಏಳು ತಿಂಗಳಾದ ಮೇಲೆ ಅದೇ ಆಟೋ ಬಂತು. ಹಿಂದೆ ಸುಟ್ಟ ಮೋಟಾರು. ಮಾರಿದ ಅಂಗಡಿಯವರು ವಾರಂಟಿ ಬರಲ್ಲ ಅಂದಿದ್ದರಂತೆ. ನೀರಿಲ್ಲದೆ ಓಡಿ ಸುಟ್ಟಿದ್ದಕ್ಕೆ ವಾರಂಟಿ ಸಾಮಾನ್ಯವಾಗಿ ಸಿಗಲ್ಲ, ಕಾರ್ಡಿನಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆತ ಅಂಗಡಿ ಮೆಟ್ಟಿಲು ಹತ್ತದೆ ಆಟೋ ಪಕ್ಕದಲ್ಲೇ ನಿಂತಿದ್ದ. ನಾನು ಮೇಷ್ಟ್ರ ಮುಖ ನೋಡಿದೆ. ನಾನಾಗಿದ್ದರೆ ಒಂದು ಮಾತು ಅಂದೇ ಅಂದಿರುತ್ತಿದ್ದೆ, ನಿನಗೆ ಗೊತ್ತಲ್ಲ ನನ್ನ ಬಾಯಿ.

ಅವರು "ಬನ್ನಿ, ಬಿಚ್ಚಿ ನೋಡೋಣ, ಬೇರೆ ಏನಾದರೂ ಇರಬಹುದು" ಅಂದರು ಅಷ್ಟೇ. ಆ 'ಬೇರೆ ಏನಾದರೂ' ಅನ್ನೋ ಮಾತು ಸುಮ್ನೆ ಸಮಾಧಾನಕ್ಕೆ ಆಡಿದ್ದಲ್ಲ. ನಿಜವಾಗಿಯೂ ಬೇರೆ ಕಾರಣ ಇರಬಹುದು. ಒಂದು ಫೇಸ್ ಹೋಗಿ ಸುಟ್ಟಿದ್ದರೆ ಕಾಯಿಲ್ ಕೆಲವು ಕಡೆ ಕಪ್ಪಾಗಿ, ಉಳಿದ ಕಡೆ ಹೊಸದರ ಹಾಗೇ ಇರುತ್ತದೆ, ಆಗ ತಪ್ಪು ಲೈನಿನದೋ ಸ್ಟಾರ್ಟರಿನದೋ ಆಗಿರುತ್ತದೆ, ಪಂಪ್ ಬದಲಾಯಿಸಿ ಏನೂ ಪ್ರಯೋಜನವಿಲ್ಲ. ಇದರಲ್ಲಿ ಕಾಯಿಲ್ ಸುತ್ತಲೂ ಒಂದೇ ಸಮ ಕಪ್ಪಾಗಿತ್ತು. ತಳದಲ್ಲಿ ಭಾರ ಹೊರುವ ಬೇರಿಂಗ್ ಗೀರು ಗೀರಾಗಿ ಸವೆದುಹೋಗಿತ್ತು. ಬುಷ್ ಕೈಯಲ್ಲಿ ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತಿತ್ತು. ಅದನ್ನು ಆತನ ಕೈಗೇ ಕೊಟ್ಟರು. ಆತ ಬೆರಳಾಡಿಸಿ ನೋಡಿದ, ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಆ ಐದರದ್ದು ಈಗ ಎಷ್ಟಾಗುತ್ತೆ?" ಅಂತ ಕೇಳಿದ.

ಆಗಲೂ ಮೇಷ್ಟ್ರು ಹೊಸದನ್ನು ಕೊಡೋಕೆ ಅವಸರ ಮಾಡಲಿಲ್ಲ. ಸುಟ್ಟಿದ್ದನ್ನು ಮೊದಲು ವೈಂಡಿಂಗ್ ಮಾಡಿಸಿ, ಬೇರಿಂಗ್ ಹಾಕಿಸಿ, ನೀರು ಜಾಸ್ತಿ ಇರುವ ಬೋರಿನವರಿಗೆ ಮಾರಿಸಿಕೊಟ್ಟರು. ಆ ದುಡ್ಡಿನ ಮೇಲೆ ಸ್ವಲ್ಪ ಹಾಕಿ ಐದು ಎಚ್‌ಪಿ ತಗೊಂಡ. ನೀರು ಖಾಲಿಯಾದರೆ ತಾನೇ ಆಫ್ ಆಗುವ ರಿಲೇ ಒಂದನ್ನೂ ಪ್ಯಾನಲ್ ಬೋರ್ಡಿಗೆ ಹಾಕಿಸಿದರು. ಆ ಬಿಲ್ ನಾನೇ ಬರೆದಿದ್ದು. ಅದರಲ್ಲಿ ಅಂಗಡಿಗೆ ಉಳಿದಿದ್ದು ಹತ್ತು ಎಚ್‌ಪಿ ಮಾರಿದ್ದರೆ ಬರುತ್ತಿದ್ದ ಲಾಭದ ಅರ್ಧಕ್ಕಿಂತ ಕಡಿಮೆ.

ಆಮೇಲಿನ ಪುಸ್ತಕಗಳಲ್ಲಿ ಅದೇ ಊರಿನ ಹೆಸರು ಹುಡುಕಿ ಎಣಿಸಿದೆ. ಹತ್ತೊಂಬತ್ತು ಪಂಪ್. ಅದರಲ್ಲಿ ಮೂರು ಬಿಲ್ಲಿನಲ್ಲಿ ಮಾತ್ರ ಹತ್ತು ಎಚ್‌ಪಿ ಇದೆ. ಈ ಮೂರು ಬೋರಿಗೆ ಹತ್ತೇ ಬೇಕಿತ್ತು, ಅಳೆದೇ ಕೊಟ್ಟಿದ್ದು.

ಇಷ್ಟು ಹೇಳಿ ಮುಗಿಸಿದ್ದರೆ ಚಪ್ಪಾಳೆ ಜೋರಾಗಿ ಬೀಳುತ್ತಿತ್ತೇನೋ. ಆದರೆ ಮೇಷ್ಟ್ರು ಎದುರಿಗೇ ಕೂತಿದ್ದರು, ದೇವರ ಪಟದ ಹಾಗೆ ಮಾಡಿ ಕೂರಿಸಿದರೆ ಅವರಿಗೇ ಮುಜುಗರ. ಅದಕ್ಕೆ 2016ರ ವಿಷಯವನ್ನೂ ಹೇಳಿದೆ. ಹೇಳಬಹುದಾ ಅಂತ ಮುಂಚೆ ಅವರನ್ನೇ ಕೇಳಿದ್ದೆ. "ಅದನ್ನೇ ಹೇಳಮ್ಮ, ಉಳಿದಿದ್ದು ಬೇಕಾದರೆ ಬಿಡು" ಅಂದಿದ್ದರು.

ಆ ವರ್ಷದ ಬರ ನಿನಗೂ ನೆನಪಿರಬೇಕು. ಅದಕ್ಕಿಂತ ಮುಂಚಿನ ಕಾರ್ತೀಕದಲ್ಲಿ ಒಬ್ಬರ ಬೋರು ಅಳೆದು, ಹೀಗೇ ಡ್ರಮ್ ಇಟ್ಟು ನಾಲ್ಕು ಗಂಟೆ ಕೂತು, ಐದು ಎಚ್‌ಪಿ ಕೊಟ್ಟಿದ್ದರು. ಅವರಿಗೆ ಅಡಿಕೆ ತೋಟ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿಯಿತು. ಕೊಟ್ಟ ಪಂಪಿಗೆ ಅಷ್ಟು ಆಳದಿಂದ ಎತ್ತುವ ಶಕ್ತಿ ಇರಲಿಲ್ಲ. ನಿನಗೆ ಅರ್ಥವಾಗಲಿ ಅಂತ ಹೇಳುತ್ತೇನೆ, ಎಚ್‌ಪಿ ಒಂದೇ ಇದ್ದರೂ ಪಂಪಿನೊಳಗೆ ಒಂದರ ಮೇಲೊಂದು ಬಟ್ಟಲುಗಳ ಥರ ಸ್ಟೇಜುಗಳಿರುತ್ತವೆ. ಸ್ಟೇಜು ಜಾಸ್ತಿ ಇದ್ದರೆ ಎತ್ತರಕ್ಕೆ ಎತ್ತುತ್ತದೆ, ಆದರೆ ನೀರು ಕಡಿಮೆ. ಸ್ಟೇಜು ಕಡಿಮೆ ಇದ್ದರೆ ನೀರು ಜಾಸ್ತಿ, ಎತ್ತರ ಕಡಿಮೆ. ಮೇಷ್ಟ್ರು ಕಾರ್ತೀಕದ ನೀರಿಗೆ ಸರಿಹೋಗುವ ಸ್ಟೇಜು ಕೊಟ್ಟಿದ್ದರು. ಬೋರಿನ ತಳದಲ್ಲಿ ನೀರಿತ್ತು, ಮೋಟಾರು ಓಡುತ್ತಿತ್ತು, ಪೈಪಿನಲ್ಲಿ ಮಾತ್ರ ಒಂದು ಹನಿ ಬರುತ್ತಿರಲಿಲ್ಲ. ಕಣ್ಣೆದುರೇ ಅಡಿಕೆ ಸುಳಿ ಬಾಡುತ್ತಿತ್ತು.

ಆ ಯಜಮಾನರು ಅಂಗಡಿಗೆ ಬಂದು ಎಲ್ಲರ ಎದುರು ಕೂಗಾಡಿದರು. ಮೇಷ್ಟ್ರು ಬರದ ಮೇಲೆ ಹಾಕಬಹುದಿತ್ತು, ಯಾರೂ ಅಲ್ಲ ಅನ್ನುತ್ತಿರಲಿಲ್ಲ. ಅವರು "ನಾನು ಕಾರ್ತೀಕದಲ್ಲಿ ಅಳೆದೆ, ಚೈತ್ರದ ಲೆಕ್ಕ ಹಾಕಲಿಲ್ಲ. ತಪ್ಪು ನಂದು" ಅಂದರು. ಹಳೆಯ ಪಂಪ್ ಭಾಗ ವಾಪಸ್ ತಗೊಂಡು, ಸ್ಟೇಜು ಜಾಸ್ತಿ ಇರೋದನ್ನು ಕೊಟ್ಟರು. ವ್ಯತ್ಯಾಸದ ದುಡ್ಡು ಅವರ ಸಂಬಳದಲ್ಲಿ ಮೂರು ಕಂತಿನಲ್ಲಿ ಮುರಿದಿದ್ದು ನಾನೇ. ಮುರಿಯಬೇಡಿ ಅಂತ ಸಾಹುಕಾರರಿಗೆ ಹೇಳೋಕೆ ನನಗೆ ಧೈರ್ಯ ಬರಲಿಲ್ಲ. ಇದನ್ನು ಮೈಕಿನಲ್ಲಿ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಅಲ್ಲಿಂದ ಮುಂದೆ ಅವರು ಮಳೆಗಾಲ ಮುಗಿದ ಮೇಲೆ ಅಳೆದ ಬೋರಿಗೆ ಬಿಲ್ ಮಾಡಿಸುವಾಗ ನನ್ನ ಕೈಯಲ್ಲಿ ಮೂಲೆಯಲ್ಲಿ 'ಕಾ' ಅಂತ ಬರೆಸುತ್ತಿದ್ದರು, ಕಾರ್ತೀಕದ ಕಾ. ಬೇಸಿಗೆ ಬಂದಾಗ ಆ ಬಿಲ್ಲುಗಳನ್ನು ತೆಗೆಸಿ ಒಬ್ಬೊಬ್ಬರಿಗೂ ಫೋನ್ ಮಾಡಿ "ಮುಳ್ಳು ಎಲ್ಲಿ ನಿಂತಿದೆ?" ಅಂತ ಕೇಳುತ್ತಿದ್ದರು. ಮೊದಮೊದಲು ರೈತರು ಏನೋ ಮಾರೋಕೆ ಫೋನ್ ಮಾಡಿದ್ದಾರೆ ಅಂದುಕೊಂಡು ಎತ್ತುತ್ತಲೇ ಇರಲಿಲ್ಲ. ಒಂದೆರಡು ಬೇಸಿಗೆ ಕಳೆದ ಮೇಲೆ ಅವರೇ ಮಾಡೋಕೆ ಶುರು ಮಾಡಿದರು. ನಡುಮಧ್ಯಾಹ್ನ ಫೋನ್ ಬರೋದು, "ಮೇಷ್ಟ್ರೇ, ಮುಳ್ಳು ಏಳರಿಂದ ಐದಕ್ಕೆ ಬಂದಿದೆ" ಅಂತ. "ಸಾಕು, ಆಫ್ ಮಾಡಿ, ಮೂರು ಗಂಟೆ ಬಿಟ್ಟು ಹಾಕಿ" ಅಂತ ಇವರು. ಬಿಲ್ಲಿಲ್ಲ, ವ್ಯಾಪಾರವಿಲ್ಲ, ಬರೀ ಮಾತು. ನನಗೆ ಆಗ ಇದೆಲ್ಲ ದಂಡದ ಕೆಲಸ ಅನ್ನಿಸುತ್ತಿತ್ತು, ನಿಜ ಹೇಳುತ್ತೇನೆ.

ನೀನು ಹೋದ ತಿಂಗಳು ಹೇಳಿದ್ದೆ, ನಿಮ್ಮ ಮ್ಯಾನೇಜರ್ ಗಿರಾಕಿಗೆ ಯೋಚನೆ ಮಾಡೋಕೆ ಟೈಮೇ ಕೊಡಬೇಡ ಅಂತಾರೆ ಅಂತ. ನಿಮ್ಮ ವ್ಯಾಪಾರ ಬೇರೆ, ಅದರ ಒಳಗುಟ್ಟು ನನಗೆ ಗೊತ್ತಿಲ್ಲ. ಮೇಷ್ಟ್ರನ್ನೇ ಕೇಳಿದೆ, ನನ್ನ ಮಗಳಿಗೆ ಏನು ಹೇಳಲಿ ಅಂತ. ಅವರು ಉಪದೇಶ ಮಾಡುವವರಲ್ಲ. "ಅವಳು ಮಾರೋ ಸಾಮಾನು ಕೆಟ್ಟರೆ ಗಿರಾಕಿಗೆ ಎಷ್ಟು ದಿನಕ್ಕೆ ಗೊತ್ತಾಗುತ್ತೆ?" ಅಂತ ನನಗೇ ತಿರುಗಿಸಿ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ನೀನೇ ಫೋನ್ ಮಾಡಿ ಹೇಳಿಬಿಡು, ಅವರಿಗೆ ಈಗ ಹೊತ್ತು ಹೋಗಲ್ಲ.

ಭಾಷಣದ ವಿಡಿಯೋ ನಮ್ಮ ಅಂಗಡಿಯ ಹುಡುಗ ಮಾಡಿದ್ದಾನೆ, ಕಳಿಸೋಕೆ ಹೇಳುತ್ತೇನೆ. ನಾನು ಬೋರಿನ ಆಳ 600 ಅಂತ ಬಾಯಿತಪ್ಪಿ ಹೇಳಿದ್ದಕ್ಕೆ ಮುಂದಿನ ಸಾಲಿನಿಂದ "ಐನೂರ ಎಂಬತ್ತು" ಅಂತ ಒಂದು ಧ್ವನಿ ಕೇಳುತ್ತದೆ ನೋಡು, ಮೇಷ್ಟ್ರದ್ದು ಅಂದುಕೊಳ್ಳಬೇಡ, ಆ ರೈತನದ್ದು. ಯಾರು ಕರೆದಿದ್ದರೋ ಗೊತ್ತಿಲ್ಲ, ಒಂದು ಗೊನೆ ಎಳನೀರು ಹೊತ್ತುಕೊಂಡು ಬಂದು ಕೂತಿದ್ದ. ಅರ್ಧಕ್ಕೆ ಕರೆಂಟ್ ಹೋಯಿತು. ಮೈಕ್ ಇಲ್ಲದೆ ಕಿರುಚಿ ಕಿರುಚಿ ನನ್ನ ಗಂಟಲು ಇನ್ನೂ ಸರಿಯಾಗಿಲ್ಲ, ಅದಕ್ಕೇ ಫೋನ್ ಬಿಟ್ಟು ಇಷ್ಟುದ್ದ ಬರೆದಿದ್ದು.

ಹಬ್ಬಕ್ಕೆ ಬರುವಾಗ ಶುಕ್ರವಾರದ ಬಸ್ಸಿಗೇ ಹೊರಡು, ಶನಿವಾರ ವಿಪರೀತ ರಶ್ಶು.

ನಿನ್ನ
ಅಮ್ಮ